ಫೆರಿಟಿನ್ 1,450, ಆದ್ರೂ ಮೈಯಲ್ಲಿ ಕಬ್ಬಿಣ ಜಾಸ್ತಿ ಇಲ್ಲ

ಮದ್ದೂರು ಕಡೆಯಿಂದ ಒಬ್ರು ಮೈಸೂರಿಗೆ ನನ್ ಹತ್ರ ಬಂದಿದ್ರು, 34 ವರ್ಷ, ಕಬ್ಬಿಣ ಕೂಡಿಡೋ ಪ್ರೋಟೀನ್ ಫೆರಿಟಿನ್ ರಕ್ತದಲ್ಲಿ 1,450, ಅಂದ್ರೆ ತುಂಬಾ ಜಾಸ್ತಿ. ಬೇರೆ ಕಡೆ ಇದನ್ನ ನೋಡಿ ಕಬ್ಬಿಣ ಜಾಸ್ತಿ ಆಗಿದೆ ಅಂತ ಆರು ಸಲ ರಕ್ತ ತೆಗೆದಿದ್ರಂತೆ. ಹಿಮೋಗ್ಲೋಬಿನ್ 14ರಿಂದ 9.5ಕ್ಕೆ ಇಳಿದಿತ್ತು, ಫೆರಿಟಿನ್ ಮಾತ್ರ ಇದ್ದಲ್ಲೇ ಇತ್ತು. ಹಳೇ ರಿಪೋರ್ಟ್ ತೆಗೆದು ನೋಡಿದ್ರೆ, ರಕ್ತ ತೆಗೆಯೋ ಮುಂಚೆನೇ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನ್ ಎಷ್ಟು ತುಂಬಿದೆ ಅನ್ನೋ ಲೆಕ್ಕ, 27 ಪರ್ಸೆಂಟ್ ಇತ್ತು, ನಾರ್ಮಲ್. ಕಣ್ಣಿನ ಆಪರೇಷನ್ ಏನಾದ್ರೂ ಆಗಿದ್ಯಾ ಅಂತ ಕೇಳ್ದೆ. "ಹೂಂ ಸಾರ್, 27ಕ್ಕೇ ಪೊರೆ ತೆಗ್ಸಿದ್ದೆ, ನಮ್ಮಪ್ಪಂಗೂ ಹಂಗೇ ಚಿಕ್ಕ ವಯಸ್ಸಲ್ಲೇ ಬಂದಿತ್ತು" ಅಂದ್ರು.

ಫೆರಿಟಿನ್ ಅಂದ್ರೆ ಜೀವಕೋಶದೊಳಗೆ ಕಬ್ಬಿಣ ತುಂಬಿಡೋ ಕಣಜ. ಭತ್ತನೇ ಇಲ್ದಿದ್ರೆ ಕಣಜ ಯಾಕೆ ಕಟ್ಬೇಕು ಅಲ್ವಾ, ಜೀವಕೋಶಾನೂ ಹಂಗೇ ಲೆಕ್ಕ ಹಾಕತ್ತೆ. ಫೆರಿಟಿನ್ನಿನ ಎಂಆರ್‌ಎನ್‌ಎ, ಅಂದ್ರೆ ಅದನ್ನ ಮಾಡೋಕೆ ಜೀನಿಂದ ಬರೋ ನಕಲು, ಯಾವಾಗ್ಲೂ ರೆಡಿ ಇರತ್ತೆ, ಅದರ ಶುರುವಿನಲ್ಲಿ ಸುಮಾರು 30 ಅಕ್ಷರದ ಒಂದು ತುಂಡು ಹೇರ್‌ಪಿನ್ ತರ ಮಡಚ್ಕೊಂಡಿರತ್ತೆ, ತುದಿ ಕುಣಿಕೆಯಲ್ಲಿ CAGUG ಅಂತ ಬರತ್ತೆ, ಇದೇ ಐರನ್ ರೆಸ್ಪಾನ್ಸ್ ಎಲಿಮೆಂಟ್, ಐಆರ್‌ಇ. ಕಬ್ಬಿಣ ಕಮ್ಮಿ ಇದ್ದಾಗ ಐಆರ್‌ಪಿ ಅನ್ನೋ ಪ್ರೋಟೀನ್ ಬಂದು ಇದನ್ನ ಹಿಡ್ಕೊಳತ್ತೆ, ಆಗ ಪ್ರೋಟೀನ್ ಕಟ್ಟೋ ರೈಬೋಸೋಮಿನ ಚಿಕ್ಕ ಭಾಗ ಆ ಎಂಆರ್‌ಎನ್‌ಎ ಮೇಲೆ ಹತ್ತೋಕೇ ಆಗಲ್ಲ, ಫೆರಿಟಿನ್ ತಯಾರಿ ನಿಂತೋಗತ್ತೆ. ಕಬ್ಬಿಣ ಸಾಕಷ್ಟು ಬಂತು ಅಂದ್ರೆ, ಐಆರ್‌ಪಿ1ರೊಳಗೆ ಕಬ್ಬಿಣ-ಗಂಧಕದ ಒಂದು ಗಂಟು ಕೂತು ಅದು ಐಆರ್‌ಇನ ಬಿಟ್ಬಿಡತ್ತೆ, ಐಆರ್‌ಪಿ2 ಅಂತೂ ಒಡೆದು ನಾಶ ಆಗೋಗತ್ತೆ. ಹೊಸ ಎಂಆರ್‌ಎನ್‌ಎ ಮಾಡೋವರೆಗೂ ಕಾಯ್ಬೇಕಾಗಿಲ್ಲ, ಇರೋದ್ರಿಂದ್ಲೇ ಕಣಜ ಏಳತ್ತೆ.

ಫೆರಿಟಿನ್ ಕಟ್ಟೋ ತುಂಡುಗಳಲ್ಲಿ ಒಂದು ಎಲ್-ಫೆರಿಟಿನ್, ನಮ್ಮ ಪೇಷೆಂಟಿನ ಆ ಜೀನ್ ಓದಿಸಿದಾಗ ಆ ಕುಣಿಕೆಯಲ್ಲೇ ಒಂದಕ್ಷರ ಬದಲಾಗಿತ್ತು, 40ನೇ ಜಾಗದಲ್ಲಿ A ಇರಬೇಕಾದ ಕಡೆ G. ಅಷ್ಟಕ್ಕೇ ಐಆರ್‌ಪಿ ಹಿಡಿತ ಸಿಗಲ್ಲ. ಆ ಜೀನಿನ ಎರಡು ಪ್ರತಿಯಲ್ಲಿ ಒಂದು ಸರಿ ಇದೆ, ಅದು ಮಾತು ಕೇಳತ್ತೆ, ಇನ್ನೊಂದು ಕಬ್ಬಿಣ ಇರ್ಲಿ ಬಿಡ್ಲಿ ಫೆರಿಟಿನ್ ಮಾಡ್ತಾನೇ ಇರತ್ತೆ. ಅದಕ್ಕೇ ರಕ್ತ ತೆಗೆದು ತೆಗೆದು ಅವರ ಮೈಯಲ್ಲಿ ಕಬ್ಬಿಣ ಬರಿದಾದ್ರೂ ಫೆರಿಟಿನ್ ಇಳೀಲಿಲ್ಲ. ಆ ಹೆಚ್ಚುವರಿ ಎಲ್-ಫೆರಿಟಿನ್ನೇ ಕಣ್ಣಿನ ಲೆನ್ಸಲ್ಲಿ ಹರಳುಗಟ್ಟಿ ಪೊರೆ ಆಗೋದು. 1995ರಲ್ಲಿ ಈ ಕಾಯಿಲೆ ಬೆಳಕಿಗೆ ಬಂತು.

ಕಬ್ಬಿಣನ ಒಳಗೆ ಎಳ್ಕೊಳೋ ಟ್ರಾನ್ಸ್‌ಫೆರಿನ್ ರಿಸೆಪ್ಟರಿಗೂ ಐಆರ್‌ಇ ಇದೆ, ಆದ್ರೆ ಎಂಆರ್‌ಎನ್‌ಎ ಬಾಲದಲ್ಲಿ, ಒಟ್ಟು ಐದು. ಅಲ್ಲಿ ಐಆರ್‌ಪಿ ಕೂತ್ರೆ ಎಂಆರ್‌ಎನ್‌ಎ ಒಡೆಯೋದು ತಪ್ಪತ್ತೆ, ರಿಸೆಪ್ಟರ್ ಜಾಸ್ತಿ ಆಗತ್ತೆ. ಇವರಲ್ಲಿ ಅದು ಸರಿಯಾಗೇ ಇದೆ, ಅದಕ್ಕೇ ಕಬ್ಬಿಣ ಮೈಯಲ್ಲಿ ತುಂಬ್ಕೊಂಡಿಲ್ಲ.

ಫೆರಿಟಿನ್ ಜಾಸ್ತಿ ಬಂದೋರಲ್ಲಿ ಬಹಳಷ್ಟು ಜನಕ್ಕೆ ಕಾರಣ ಸೋಂಕು, ಉರಿಯೂತ, ಫ್ಯಾಟಿ ಲಿವರ್ ಇಲ್ಲ ಕುಡಿತ, ಮೊದಲು ಅದನ್ನೇ ನೋಡ್ಬೇಕು. ಆದ್ರೆ ಸ್ಯಾಚುರೇಶನ್ ನೋಡದೆ ಬರೀ ಫೆರಿಟಿನ್ ನಂಬಿ ದಯವಿಟ್ಟು ರಕ್ತ ತೆಗೀಬೇಡಿ. ಇವರಿಗೆ ನಾನು ಉಲ್ಟಾ ಕಬ್ಬಿಣದ ಮಾತ್ರೆ ಕೊಡ್ಬೇಕಾಯ್ತು. ಆರು ವರ್ಷದ ಮಗಳಿದಾಳೆ, ಅವಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ, ಕಣ್ಣು ತೋರಿಸ್ಕೊಂಡು ಬನ್ನಿ ಅಂದಿದೀನಿ.