ಮನೆಸನ್ನೆ: ಯಾರೂ ಕಲಿಸದ ವ್ಯಾಕರಣ

ಕಿವಿ ಕೇಳುವ ಅಪ್ಪ ಅಮ್ಮನಿಗೆ ಕಿವುಡು ಮಗು ಹುಟ್ಟಿದೆ. ಹತ್ತಿರದಲ್ಲಿ ಕಿವುಡರ ಶಾಲೆಯಿಲ್ಲ, ಸನ್ನೆಭಾಷೆ ಬಲ್ಲವರೂ ಇಲ್ಲ. ಹಾಗಂತ ಮಗು ಸುಮ್ಮನಿರುವುದಿಲ್ಲ. ಬೆರಳು ತೋರಿಸುತ್ತದೆ, ಕೈಯಲ್ಲೇ ಆಕಾರ ಬಿಡಿಸುತ್ತದೆ, ದಿನ ಕಳೆದಂತೆ ಮನೆಯವರಿಗಷ್ಟೇ ತಿಳಿಯುವ ಒಂದು ಸನ್ನೆಪದ್ಧತಿ ಕಟ್ಟಿಕೊಳ್ಳುತ್ತದೆ. ಭಾಷಾವಿಜ್ಞಾನದಲ್ಲಿ ಇದಕ್ಕೆ ‘ಹೋಮ್‌ಸೈನ್’ ಎನ್ನುತ್ತಾರೆ. ನಾವು ಮನೆಸನ್ನೆ ಎನ್ನೋಣ.

ಮನೆಯವರು ಮಾಡಿದ್ದನ್ನು ಮಗು ನಕಲು ಮಾಡುತ್ತದೆ, ಅಷ್ಟೇ ಅಲ್ಲವೇ? ಅಮೆರಿಕದ ಸೂಸನ್ ಗೋಲ್ಡಿನ್-ಮೆಡೋ ದಶಕಗಳ ಕಾಲ ಇಂಥ ಮಕ್ಕಳನ್ನು ನೋಡಿ, ಹಾಗಲ್ಲ ಎಂದು ತೋರಿಸಿದರು. ತಾಯಂದಿರು ಮಾತಾಡುತ್ತಲೇ ಕೈಯಾಡಿಸುತ್ತಾರೆ, ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಸನ್ನೆ. ಮಕ್ಕಳು ಸನ್ನೆಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತಾರೆ, ಅದೂ ಒಂದು ಕ್ರಮದಲ್ಲಿ: ಮೊದಲು ತಿಂಡಿಯ ಕಡೆ ಬೆರಳು, ಆಮೇಲೆ ‘ತಿನ್ನು’ ಎಂಬ ಸನ್ನೆ. ‘ರೊಟ್ಟಿ ತಿನ್ನು’ ಎನ್ನುವ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಆ ಮನೆಗಳ ಭಾಷೆ ಇಂಗ್ಲಿಷ್, ಅಲ್ಲಿ ‘ತಿನ್ನು’ ಮೊದಲು ಬರಬೇಕು. ತೈವಾನಿನ ಮನೆಗಳ ಕಿವುಡು ಮಕ್ಕಳಲ್ಲೂ ಇಂಥದೇ ಕ್ರಮ ಕಂಡಿತು.

ಆದರೂ ಮನೆಸನ್ನೆ ಪೂರ್ತಿ ಭಾಷೆಯಲ್ಲ. ಅದರಲ್ಲೇ ಬೆಳೆದು ದೊಡ್ಡವರಾದ, ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕೆಲವರನ್ನು ಪರೀಕ್ಷಿಸಿದಾಗ, ದಿನವೂ ದುಡ್ಡು ಎಣಿಸಿ ವ್ಯವಹರಿಸುವ ಅವರೇ ಮೂರಕ್ಕಿಂತ ಹೆಚ್ಚಿನ ವಸ್ತುಗಳ ಸಂಖ್ಯೆಯನ್ನು ಬೆರಳಲ್ಲಿ ತೋರಿಸುವಾಗ ಆಗಾಗ ತಪ್ಪುತ್ತಿದ್ದರು. ಎಣಿಕೆಯ ಪದಗಳ ಸರಣಿಯನ್ನು ಒಬ್ಬರೇ ಕೂತು ಕಟ್ಟಿಕೊಳ್ಳುವುದು ಸುಲಭವಲ್ಲ.

ಭಾಷೆಯಾಗಬೇಕಾದರೆ ಜನ ಸೇರಬೇಕು. ಅದಕ್ಕೆ ಒಂದು ದಾರಿ ಹಳ್ಳಿ. ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಒಳಸಂಬಂಧಗಳ ಮದುವೆ ಹೆಚ್ಚು, ಆನುವಂಶಿಕ ಕಿವುಡುತನವೂ ಹೆಚ್ಚು. ಹಾಗಾಗಿ ಅಲ್ಲಿ ಊರಿನದೇ ಒಂದು ಸನ್ನೆಭಾಷೆ ಬೆಳೆದಿದೆ, ಕಿವಿ ಕೇಳುವವರಲ್ಲೂ ಅದನ್ನು ಬಲ್ಲವರಿದ್ದಾರೆ. ಇನ್ನೊಂದು ದಾರಿ ಶಾಲೆ. ಶಾಲೆಯಲ್ಲಿ ಭಾಷೆ ಹುಟ್ಟುವುದನ್ನು ಹೆಚ್ಚುಕಡಿಮೆ ಕಣ್ಣೆದುರೇ ನೋಡಲು ಸಿಕ್ಕಿದ್ದು ನಿಕರಾಗುವಾದಲ್ಲಿ.

ಅಲ್ಲಿನ ರಾಜಧಾನಿ ಮನಾಗುವಾದಲ್ಲಿ 1977ರಲ್ಲಿ ವಿಶೇಷ ಶಾಲೆ ತೆರೆಯಿತು, 1980ರಲ್ಲಿ ಕಸುಬು ಕಲಿಸುವ ಇನ್ನೊಂದು. 1983ರ ಹೊತ್ತಿಗೆ ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಮಕ್ಕಳು. ಮೇಷ್ಟ್ರುಗಳು ಕಲಿಸಹೊರಟದ್ದು ಸ್ಪ್ಯಾನಿಷ್ ಭಾಷೆಯನ್ನು, ತುಟಿ ಓದಿಸುವ ಮೂಲಕ. ಅದು ಹೆಚ್ಚೇನೂ ಹತ್ತಲಿಲ್ಲ. ಅಂಗಳದಲ್ಲಿ, ಬಸ್ಸಿನಲ್ಲಿ ಮಕ್ಕಳು ತಂತಮ್ಮ ಮನೆಸನ್ನೆಗಳನ್ನು ಬೆರೆಸಿ ಹೊಸದೊಂದನ್ನು ಶುರುಮಾಡಿಕೊಂಡಿದ್ದರು. ಆಮೇಲೆ ಬಂದ ಪುಟ್ಟ ಮಕ್ಕಳು ಅದನ್ನು ಅಣ್ಣ ಅಕ್ಕಂದಿರಿಂದ ಕಲಿತರು. ಕಲಿಯುತ್ತಲೇ ಬದಲಾಯಿಸಿದರು ಕೂಡ.

ಬದಲಾದದ್ದೇನು ಎಂಬುದು ಆನ್ ಸೆಂಗಾಸ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಪಷ್ಟವಾಗಿದೆ. ಒಂದು ಕಾರ್ಟೂನ್: ಬೌಲಿಂಗ್ ಚೆಂಡು ನುಂಗಿದ ಬೆಕ್ಕು ಇಳಿಜಾರು ರಸ್ತೆಯಲ್ಲಿ ತೂರಾಡುತ್ತ ಉರುಳಿ ಹೋಗುತ್ತದೆ. ಅದನ್ನು ನೋಡಿದವರು ಕತೆ ಹೇಳಬೇಕು. ಸ್ಪ್ಯಾನಿಷ್ ಮಾತಾಡುವವರ ಕೈ ನೋಡಿದರೆ, ತಿರುಗುತ್ತಲೇ ಕೆಳಗೆ ಇಳಿಯುತ್ತದೆ. ಉರುಳುವುದು, ಇಳಿಯುವುದು ಎರಡೂ ಒಂದೇ ಚಲನೆಯಲ್ಲಿ, ಘಟನೆ ಇದ್ದ ಹಾಗೆಯೇ. 1984ಕ್ಕೆ ಮುಂಚೆ ಶಾಲೆಗೆ ಬಂದ ಮೊದಲ ತಲೆಮಾರಿನ ಕಿವುಡರೂ ಹೆಚ್ಚಾಗಿ ಹಾಗೇ ಮಾಡಿದರು. ಆಮೇಲೆ ಬಂದ ಎರಡು ತಲೆಮಾರಿನವರು ಅದನ್ನು ಒಡೆದರು: ಜಾಗದಲ್ಲೇ ಕೈ ತಿರುಗಿಸಿ ‘ಉರುಳು’, ಆಮೇಲೆ ನೇರವಾಗಿ ಜಾರಿಸಿ ‘ಇಳಿ’.

ಲೋಕದಲ್ಲಿ ಯಾವುದೂ ಮೊದಲು ಉರುಳಿ ಆಮೇಲೆ ಇಳಿಯುವುದಿಲ್ಲ. ಚಿತ್ರವೆಂದು ನೋಡಿದರೆ ಹೊಸ ಸನ್ನೆ ಹಳೆಯದಕ್ಕಿಂತ ಕಳಪೆ. ಆದರೆ ಬಿಡಿಯಾದ ಮೇಲೆ ‘ಇಳಿ’ಯನ್ನು ‘ಜಿಗಿ’ಯ ಜೊತೆಗೂ ಇಡಬಹುದು, ‘ಉರುಳು’ವನ್ನು ‘ಹತ್ತು’ವಿನ ಜೊತೆಗೂ. ನಾವು ‘ಉರುಳುತ್ತಾ ಇಳಿಯಿತು’ ಎನ್ನುವಾಗ ಮಾಡುವುದೂ ಇದನ್ನೇ: ಎರಡು ಕ್ರಿಯಾಪದ, ನಡುವೆ ಒಂದು ‘ಉತ್ತಾ’. ಆ ‘ಉತ್ತಾ’ದ ಕೆಲಸಕ್ಕೂ ನಿಕರಾಗುವಾದವರು ಒಂದು ಉಪಾಯ ಕಂಡುಕೊಂಡರು: ‘ಉರುಳು, ಇಳಿ, ಉರುಳು’. ಮೊದಲಿನ ಸನ್ನೆಯನ್ನೇ ಕೊನೆಗೆ ಮತ್ತೆ ಮಾಡಿದರೆ ಎರಡೂ ಒಟ್ಟಿಗೆ ನಡೆದವು ಎಂದರ್ಥ.

ಮಾನವನ ಮೆದುಳಿನಲ್ಲಿ ವ್ಯಾಕರಣ ಹುಟ್ಟಿನಿಂದಲೇ ಬರೆದಿದೆ ಎಂಬುದಕ್ಕೆ ಇದೇ ಪುರಾವೆ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಅವಸರದ ಮಾತು ಅನಿಸುತ್ತದೆ. ಸಿದ್ಧ ವ್ಯಾಕರಣವೇ ಒಳಗಿದ್ದಿದ್ದರೆ ಮೊದಲ ತಲೆಮಾರಿನವರೇ ಒಡೆಯಬಹುದಿತ್ತಲ್ಲ? ಪ್ರಯೋಗದಲ್ಲಿದ್ದ 30 ಕಿವುಡರೂ ಆರು ವರ್ಷದೊಳಗೇ ಈ ಸನ್ನೆಗಳ ಸಂಪರ್ಕಕ್ಕೆ ಬಂದವರು, ಹಾಗಾಗಿ ತಡವಾಗಿ ಕಲಿತದ್ದೇ ಕಾರಣ ಎನ್ನುವಂತಿಲ್ಲ. ಮೊದಲು ಬಂದವರ ಮುಂದಿದ್ದದ್ದು ಸುತ್ತಲಿನವರ ಕೈಯಾಟ ಮತ್ತು ಬಗೆಬಗೆಯ ಮನೆಸನ್ನೆ. ಆಮೇಲೆ ಬಂದವರ ಮುಂದೆ ಅರ್ಧ ಕಟ್ಟಿದ ಭಾಷೆಯೇ ಇತ್ತು. ಇಡಿಯಾಗಿ ಕಂಡದ್ದನ್ನು ಬಿಡಿಸಿ ಜೋಡಿಸುವ ಚಟ ಮಕ್ಕಳದ್ದು, ಬಿಡಿಸಲು ಬೇಕಾದ ಸರಕು ಹಿರಿಯರದ್ದು. ಮಕ್ಕಳು ತಂದ ಈ ಬದಲಾವಣೆ ಹಿರಿಯರ ಕಡೆಗೆ ಹೆಚ್ಚು ಹರಿಯಲೂ ಇಲ್ಲ. ಪ್ರಯೋಗದ ಹೊತ್ತಿಗೆ ಆ ಮೊದಲ ತಲೆಮಾರಿನವರ ಕೈ ಬಹುಪಾಲು ಇನ್ನೂ ತಿರುಗುತ್ತಲೇ ಇಳಿಯುತ್ತಿತ್ತು.