ಸಹಿ ಹಾಕಿದವನಿಗೆ ಮರುದಿನ ನೆನಪಿಲ್ಲದಿದ್ದರೆ

ಪಾಂಡವಪುರದ ಕಡೆಯ ಮೂವತ್ನಾಲ್ಕು ವರ್ಷದ ಒಬ್ಬ ಟ್ರ್ಯಾಕ್ಟರ್ ಚಾಲಕನನ್ನು ಕಲ್ಪಿಸಿಕೊಳ್ಳಿ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದೆ, ಮೈಸೂರಿನ ಆಸ್ಪತ್ರೆಗೆ ತಂದಿದ್ದಾರೆ. ಪೆಟ್ಟಿನ ನಂತರ ಗಮನಶಕ್ತಿ ಬೇಗ ಮರಳಲು ಒಂದು ಮಾತ್ರೆ ನೆರವಾಗುತ್ತದೆಯೇ ಎಂಬ ಅಧ್ಯಯನ ಅಲ್ಲಿ ನಡೆಯುತ್ತಿದೆ. ಅರ್ಧದಷ್ಟು ಜನರಿಗೆ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ಅವನಿಗೆ ಪ್ರಜ್ಞೆ ಇಲ್ಲ. ಒಪ್ಪಿಗೆ ಕೊಡಬೇಕಾದವರು ಯಾರು?

ಇಂಥವರ ಮೇಲೆ ಅಧ್ಯಯನವನ್ನೇ ಮಾಡಬಾರದು ಎನ್ನುವುದು ಸುಲಭ, ಆದರೆ ಅದೂ ಅಪಾಯಕಾರಿ. ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡುವ ಪದ್ಧತಿ ಹಲವು ದಶಕ ನಡೆದಿತ್ತು. 2004ರಲ್ಲಿ ಪ್ರಕಟವಾದ ‘ಕ್ರ್ಯಾಶ್’ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಗಮನಿಸಿತು. ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1, ಪಡೆಯದವರಲ್ಲಿ 17.9. ಒಳ್ಳೆಯದೆಂದು ಕೊಟ್ಟ ಔಷಧವೇ ಕೆಲವರ ಜೀವ ತೆಗೆಯುತ್ತಿತ್ತು. ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದವರನ್ನು ಸೇರಿಸಿಕೊಳ್ಳದೆ ಇದು ತಿಳಿಯುತ್ತಲೇ ಇರಲಿಲ್ಲ.

ಹಾಗಾಗಿ ಮೊದಲ ಒಪ್ಪಿಗೆಯನ್ನು ಕಾನೂನು ಮಾನ್ಯ ಮಾಡುವ ಪ್ರತಿನಿಧಿಯಿಂದ ಪಡೆಯುತ್ತಾರೆ, ಇಲ್ಲಿ ಅವನ ಹೆಂಡತಿಯಿಂದ. ಆದರೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತವಳಿಗೆ ಬಿಳಿ ಕೋಟಿನವರು ಚಾಚಿದ ಯಾವ ಕಾಗದವೂ ಚಿಕಿತ್ಸೆಯ ಕಾಗದವೇ. ಒಪ್ಪದಿದ್ದರೆ ಆರೈಕೆ ಕಡಿಮೆಯಾದೀತು ಎಂಬ ಭಯ ಅವಳಲ್ಲಿರುತ್ತದೆ. ಊರಿನಿಂದ ಬಂದ ಹಿರಿಯರೊಬ್ಬರು ‘ಡಾಕ್ಟರು ಹೇಳಿದ ಮೇಲೆ ಹಾಕಮ್ಮ’ ಎನ್ನುತ್ತಾರೆ. ಸಂಶೋಧಕರು ಅವಳನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ: ‘ನಿಮ್ಮ ಯಜಮಾನರು ಎಚ್ಚರವಾಗಿದ್ದರೆ ಇದಕ್ಕೆ ಏನು ಹೇಳುತ್ತಿದ್ದರು?’

ನಿಜವಾದ ತೊಡಕು ಆರನೆಯ ದಿನ ಬರುತ್ತದೆ. ಅವನು ಕಣ್ಣು ಬಿಟ್ಟಿದ್ದಾನೆ, ನಗುತ್ತಾನೆ, ಕಬ್ಬಿನ ಬೆಲೆಯ ಬಗ್ಗೆ ಮಾತಾಡುತ್ತಾನೆ. ಅಧ್ಯಯನದ ವಿಷಯ ಹೇಳಿದರೆ ‘ಆಗಲಿ ಸಾರ್, ಎಲ್ಲಿ ಸಹಿ ಹಾಕಬೇಕು’ ಎನ್ನುತ್ತಾನೆ. ಮರುದಿನ ಕೇಳಿದರೆ ಅಂಥ ಮಾತುಕತೆ ನಡೆದದ್ದೇ ಅವನಿಗೆ ಗೊತ್ತಿಲ್ಲ. ಇದು ಗಾಯದ ನಂತರದ ಮರೆವಿನ ಅವಧಿ. ಎಚ್ಚರ ಮರಳಿದ್ದರೂ ಮಿದುಳು ಹೊಸ ನೆನಪುಗಳನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದಿಲ್ಲ. ಗಾಯ ತೀವ್ರವಾಗಿದ್ದರೆ ಇದು ವಾರಗಟ್ಟಲೆ ಎಳೆಯಬಹುದು. ಸರಾಗವಾದ ಮಾತು ಕೇಳಿ ತಜ್ಞರೂ ಮೋಸಹೋಗುತ್ತಾರೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವನಿಗೆ ತನಗೇನೋ ತೊಂದರೆಯಾಗಿದೆ ಎಂಬ ಅರಿವೇ ಇಲ್ಲದಿರಬಹುದು; ಆಗ ಲಾಭ ಹಾನಿಗಳನ್ನು ಅವನು ಯಾವುದರ ಮೇಲೆ ತೂಗಬೇಕು?

ಇದನ್ನು ಕಂಡುಹಿಡಿಯುವ ದಾರಿ ಇದೆ, ಆದರೆ ಸಮಯ ಬೇಕು. ‘ಅರ್ಥವಾಯಿತೇ’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೌದೆನ್ನುತ್ತಾರೆ. ‘ನಿಮಗೆ ಏನು ಮಾಡುತ್ತಾರೆ? ಬೇಡವೆಂದರೆ ಏನಾಗುತ್ತದೆ? ನಿಮಗೆ ಕೊಡುವುದು ಹುಸಿಮಾತ್ರೆಯೂ ಆಗಿರಬಹುದೇ? ನೀವು ಯಾಕೆ ಒಪ್ಪಿದಿರಿ?’ ಎಂದು ಕೇಳಿ ಅವನದೇ ಮಾತಿನಲ್ಲಿ ಹೇಳಿಸಬೇಕು. ಇವು ಅರ್ಥ ಮಾಡಿಕೊಳ್ಳುವುದು, ತನಗೆ ಅನ್ವಯಿಸಿಕೊಳ್ಳುವುದು, ತೂಗಿ ನೋಡುವುದು, ಆಯ್ಕೆ ತಿಳಿಸುವುದು ಎಂಬ ನಾಲ್ಕು ಸಾಮರ್ಥ್ಯಗಳನ್ನು ಪರೀಕ್ಷಿಸುತ್ತವೆ. ಮರುದಿನ ಮತ್ತೆ ಕೇಳಿ, ಉತ್ತರ ಹಾಗೆಯೇ ನಿಂತಿದೆಯೇ ಎಂದು ನೋಡಬೇಕು.

ಪೆಟ್ಟು ಭಾಷೆಯ ಭಾಗಕ್ಕೆ ಬಿದ್ದಿದ್ದರೆ ಪರಿಸ್ಥಿತಿ ತಿರುವುಮುರುವು. ಬಾಯಿಂದ ಪದ ಹೊರಡುವುದಿಲ್ಲ, ವಿಚಾರ ಮಾತ್ರ ಚೆನ್ನಾಗಿಯೇ ಇರಬಹುದು. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಭಾಷಾದೋಷಗಳೊಂದಿಗೆ ಕೆಲಸ ಮಾಡುವ ತಜ್ಞರಿದ್ದಾರೆ. ಚಿತ್ರಗಳು, ಚಿಕ್ಕ ವಾಕ್ಯಗಳು, ಹೌದು ಅಲ್ಲ ಎಂಬ ಸನ್ನೆ ಇವುಗಳ ನೆರವಿನಿಂದ ಗಾಯಾಳುವಿನಿಂದಲೇ ಒಪ್ಪಿಗೆ ಪಡೆಯಲು ಸಾಧ್ಯವಾಗಬಹುದು. ಮಾತಿಲ್ಲವೆಂದು ನೇರವಾಗಿ ಮನೆಯವರ ಕಡೆ ತಿರುಗುವುದು ಅವರಿಗೆ ಮಾಡುವ ಅನ್ಯಾಯ.

ನಮ್ಮ ಚಾಲಕ ಒಂಬತ್ತನೆಯ ದಿನ ರಕ್ತ ತೆಗೆಯಲು ಬಂದವರಿಂದ ಕೈ ಎಳೆದುಕೊಂಡು ಮುಖ ತಿರುಗಿಸುತ್ತಾನೆ. ನಿರ್ಧರಿಸುವ ಸಾಮರ್ಥ್ಯ ಇನ್ನೂ ಬಂದಿಲ್ಲ, ಹೆಂಡತಿಯ ಸಹಿ ಇದೆ. ಹಾಗೆಂದು ಕೈ ಹಿಡಿದು ಸೂಜಿ ಚುಚ್ಚಬಹುದೇ? ಚಿಕಿತ್ಸೆಗೆ ಬೇಕಾದ ರಕ್ತವಾದರೆ ಆ ಲೆಕ್ಕ ಬೇರೆ. ಅಧ್ಯಯನಕ್ಕಷ್ಟೇ ಬೇಕಾದ ರಕ್ತವಾದರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನೋವು ಅವನದು, ಅದರಿಂದ ಅವನಿಗೆ ಲಾಭದ ಖಾತರಿಯೂ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಪ್ರಜ್ಞೆ ಮರಳಿ ವಿಷಯ ಗ್ರಹಿಸುವಂತಾದಾಗ ಅವನಿಂದಲೇ ಮತ್ತೆ ಒಪ್ಪಿಗೆ ಪಡೆಯಬೇಕು. ಅವನು ಮನೆಗೆ ಹೋಗಿ, ಕೂಲಿ ಬಿಟ್ಟು ಮರುಭೇಟಿಗೆ ಬಂದ ದಿನ ಅದು ಆಗಬೇಕು. ಆ ಹೊತ್ತಿಗೆ ತಿಂಗಳೇ ಕಳೆದಿರಬಹುದು. ‘ಮಾತ್ರೆ ಮುಂದುವರಿಸುತ್ತೇನೆ, ಸ್ಕ್ಯಾನ್ ಬೇಡ’ ಎಂದರೆ ಅದನ್ನು ಒಪ್ಪಿಕೊಳ್ಳುವಷ್ಟು ಸಡಿಲವಾಗಿ ಅಧ್ಯಯನವನ್ನು ಮೊದಲೇ ರೂಪಿಸಿರಬೇಕು. ಪೂರ್ತಿ ಬೇಡವೆಂದರೆ ಆವರೆಗೆ ಸಂಗ್ರಹಿಸಿದ ರಕ್ತ ಮತ್ತು ಮಾಹಿತಿ ಏನಾಗಬೇಕು ಎಂಬುದನ್ನು ನೈತಿಕ ಸಮಿತಿ ಮೊದಲ ರೋಗಿ ಸೇರುವ ಮುನ್ನವೇ ತೀರ್ಮಾನಿಸಿ, ಹೆಂಡತಿ ಸಹಿ ಹಾಕಿದ ಕನ್ನಡ ಪತ್ರದಲ್ಲೇ ಅದನ್ನು ಬರೆಸಿರಬೇಕು.