ಫ್ರಿಜ್ಜಿನ ಹಿಡಿಯ ಮೇಲಿನ ಕಂದು ಕಲೆ

ಬೆಂಗಳೂರಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಹಾಸಿಗೆಹುಣ್ಣಿಗೆ ಸೊಸೆಯೇ ದಿನವೂ ಡ್ರೆಸ್ಸಿಂಗ್ ಮಾಡುತ್ತಾರೆ. ಅಚ್ಚುಕಟ್ಟಾದ ಕೈ. ಆದರೆ ನಾನು ಹೋದ ದಿನ ಫ್ರಿಜ್ಜಿನ ಹಿಡಿ, ದೀಪದ ಸ್ವಿಚ್ಚು, ಅಡುಗೆಮನೆಯ ನಲ್ಲಿ ಮೂರರ ಮೇಲೂ ಕಂದು ಕಲೆ ಇತ್ತು. ಹುಣ್ಣಿಗೆ ಹಚ್ಚುವ ಪೊವಿಡೋನ್ ಅಯೋಡಿನ್.

‘ಗ್ಲೌಸ್ ಹಾಕಿಕೊಂಡಿದ್ದೆನಲ್ಲ, ಸಿಸ್ಟರ್?’ ಎಂದರು.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗ್ಲೌಸ್ ಕಾಪಾಡುವುದು ಅದರೊಳಗಿನ ಕೈಯನ್ನು; ಆ ಕೈ ಮುಟ್ಟಿದ ಚಿಲಕವನ್ನಲ್ಲ. ಔಷಧಿಗೆ ಬಣ್ಣವಿದ್ದುದರಿಂದ ಕಂಡಿತು, ಕೀವಿಗೆ ಅಷ್ಟು ಬಣ್ಣವಿರುವುದಿಲ್ಲ. ತಪ್ಪು ಆಕೆಯ ಕೈಯದಲ್ಲ, ಕಸದ ಡಬ್ಬಿ ಅಡುಗೆಮನೆಯಲ್ಲಿ ಇದ್ದದ್ದು. ಹುಣ್ಣಿನಿಂದ ತೆಗೆದ ಹಳೆಯ ಗಾಜ್ ಬಟ್ಟೆ ಹಿಡಿದುಕೊಂಡು ಅಲ್ಲಿಯವರೆಗೆ ನಡೆಯುತ್ತಿದ್ದರು.

ಕಟ್ಟು ಬಿಚ್ಚುವ ಮೊದಲೇ ಒಂದು ಚಿಕ್ಕ ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಹೊರಕ್ಕೆ ಮಡಚಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ತೆರೆದಿಡಬೇಕು. ಹಳೆಯ ಗಾಜ್ ಬಟ್ಟೆಯನ್ನು ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದು, ಅದೇ ಕೈಯ ಗ್ಲೌಸನ್ನು ಹೊರಗಿನಿಂದ ಚಿವುಟಿ ಎಳೆದರೆ ಅದು ಮಗುಚಿಕೊಂಡು ಬಟ್ಟೆಯನ್ನು ಒಳಗೆ ನುಂಗುತ್ತದೆ. ಆ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಈಗ ಬರಿಗೈಯ ಬೆರಳನ್ನು ಉಳಿದ ಗ್ಲೌಸಿನ ಒಳಗೆ, ಮಣಿಕಟ್ಟಿನ ಕಡೆಯಿಂದ ತೂರಿಸಿ ಮಗುಚಿ. ಎಲ್ಲವೂ ಒಂದೇ ಗಂಟಾಗಿ ಕವರಿಗೆ ಬೀಳುತ್ತದೆ. ಸೋಪಿನಿಂದ ಕೈ ತೊಳೆದು, ಹೊಸ ಗ್ಲೌಸ್ ತೊಟ್ಟು, ಹೊಸ ಕಟ್ಟು. ಹಣ ಉಳಿಸಲು ಗ್ಲೌಸ್ ತೊಳೆದು ಒಣಹಾಕುವವರೂ ಇದ್ದಾರೆ. ದಯವಿಟ್ಟು ಬೇಡ, ಕಣ್ಣಿಗೆ ಕಾಣದ ತೂತು ಬಿದ್ದಿರಬಹುದು.

ಹಿರಿಯರಿಗೆ ಕೆಮ್ಮಿದ್ದು ನೀವು ಮಾಸ್ಕ್ ಹಾಕಿದ್ದರೆ ಅದನ್ನು ಕೊನೆಗೆ, ಕೋಣೆಯಿಂದ ಹೊರಬಂದು, ತೊಳೆದ ಕೈಯಿಂದ ಕಿವಿಯ ದಾರ ಹಿಡಿದೇ ತೆಗೆಯಿರಿ. ಕ್ಷಯವಿದ್ದರೆ ಸಾಮಾನ್ಯ ಮಾಸ್ಕ್ ಸಾಲದು, ವೈದ್ಯರನ್ನು ಕೇಳಿ.

ಕವರನ್ನು ಕಟ್ಟಿ, ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿಯೇ ಕೊಡಬೇಕು. ಹತ್ತಿಬಟ್ಟೆ ತಾನೇ ಎಂದು ಒಣಕಸಕ್ಕೆ ಹಾಕಿದರೆ ಅದನ್ನು ಯಾರೋ ಕೈಯಾರೆ ಆರಿಸುತ್ತಾರೆ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆ ಕೆಂಪು ಗುರುತು ಕಂಡರೆ ಪೊಟ್ಟಣ ಬಿಚ್ಚುವುದೇ ಇಲ್ಲ, ಗುರುತಿಲ್ಲದ್ದನ್ನು ಬಿಚ್ಚಲೇಬೇಕು. ಹಿತ್ತಲಲ್ಲಿ ಸುಡುವುದಂತೂ ಬೇಡ: ಪ್ಲಾಸ್ಟಿಕ್ ಹೊಗೆ ಮೊದಲು ಸೇರುವುದು ರೋಗಿಯ ಕೋಣೆಯನ್ನೇ.

ಮುಂದಿನ ವಾರ ಹೋದಾಗ ಹಿಡಿಯ ಮೇಲೆ ಕಲೆ ಇರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಸೂಜಿಗಳನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಆಕೆ ಹೆಮ್ಮೆಯಿಂದ ಕೆಂಪು ಗುರುತಿನ ಪೊಟ್ಟಣ ತೋರಿಸಿದರು. ನಾನು ಚೀಲ ಕೆಳಗಿಟ್ಟು, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇದೆಯೇ ಎಂದು ಕೇಳಿ ಮತ್ತೆ ಕುಳಿತುಕೊಂಡೆ.